ರಜೆ ಅರ್ಜಿ ವಾಪಸ್ ಬಂದಿದೆ, ವಿದೇಶದ ಸಮ್ಮೇಳನ ಹತ್ತಿರ ಬರುತ್ತಿದೆ

ಪ್ರಶ್ನೆ: ನಾನು ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನ ವಿಭಾಗದ ಅಧ್ಯಾಪಕಿ. ಸೆಪ್ಟೆಂಬರ್‌ನಲ್ಲಿ ಯುರೋಪಿನಲ್ಲಿ ನಡೆಯುವ ಸಮ್ಮೇಳನಕ್ಕೆ ನನ್ನ ಪ್ರಬಂಧ ಆಯ್ಕೆಯಾಗಿದೆ. ಆಯೋಜಕರು 800 ಯೂರೋ ಪ್ರಯಾಣ ಅನುದಾನವನ್ನೂ ಕೊಡುತ್ತಾರೆ. ಸಮ್ಮೇಳನ ಮಂಗಳವಾರದಿಂದ ಗುರುವಾರದವರೆಗೆ. ಅವರ ಆಹ್ವಾನ ಪತ್ರ ಲಗತ್ತಿಸಿ ಹತ್ತು ದಿನ ರಜೆ ಕೇಳಿದ್ದೆ. "ವಿವರ ಸಾಲದು" ಎಂದಷ್ಟೇ ಬರೆದು ಅರ್ಜಿ ವಾಪಸ್ ಕಳಿಸಿದ್ದಾರೆ. ನೋಂದಣಿ ಶುಲ್ಕ ಕಟ್ಟಲು ಮೂರು ವಾರ ಉಳಿದಿದೆ. ವೀಸಾ ಆಗದೆ ರಜೆ ಇಲ್ಲ ಎನ್ನುತ್ತದೆ ಕಚೇರಿ, ರಜೆ ಪತ್ರ ತನ್ನಿ ಎನ್ನುತ್ತಾರೆ ವೀಸಾದವರು. ಸುಮ್ಮನೆ ಸ್ವಂತ ರಜೆ ಹಾಕಿ ಹೋಗಿಬಿಡಲೇ?

ಉತ್ತರ: ಸ್ವಂತ ರಜೆಯ ಮಾತು ಆಮೇಲೆ ನೋಡೋಣ. ಮೊದಲು ಆ ಎರಡು ಪದದ ಷರಾ ಏನು ಹೇಳುತ್ತಿದೆ ಎಂಬುದನ್ನು ತಿಳಿದುಕೊಳ್ಳಿ. ಕಾಲೇಜಿನ ಆಡಳಿತ ವಿಭಾಗದಲ್ಲಿ ಇಂಥ ಕಡತಗಳನ್ನು ವರ್ಷಗಟ್ಟಲೆ ನೋಡಿದವನು ನಾನು. "ವಿವರ ಸಾಲದು" ಎಂದು ಬರೆಯುವವರಿಗೆ ನಿಮ್ಮ ಸಂಶೋಧನೆಯ ಮೇಲೆ ಅನುಮಾನ ಇರುವುದು ಬಹಳ ಕಡಿಮೆ. ನಾಳೆ ಯಾರಾದರೂ ಆ ಕಡತ ತೆರೆದು ಕೇಳಿದರೆ ತಾವೇನು ಉತ್ತರ ಕೊಡಬೇಕು ಎಂಬುದು ಅವರ ತಲೆನೋವು. ಆ ಪ್ರಬಂಧ ನಿಜವಾಗಿಯೂ ಆಯ್ಕೆಯಾಗಿತ್ತೇ, ಯಾವ ಖರ್ಚು ಯಾರ ಜೇಬಿನಿಂದ ಹೋಯಿತು, ಆ ವಾರ ಇವರ ತರಗತಿ ಯಾರು ತೆಗೆದುಕೊಂಡರು? ಇವಕ್ಕೆ ನಿಮ್ಮ ಅರ್ಜಿಯಲ್ಲಿ ಉತ್ತರ ಇರಲಿಲ್ಲ. ಇದ್ದಿದ್ದರೆ ಸಹಿ ಹಾಕುವುದು ಅವರಿಗೂ ಸುಲಭವಾಗುತ್ತಿತ್ತು.

ನೀವು ಲಗತ್ತಿಸಿದ್ದು ಆಹ್ವಾನ ಪತ್ರ. ಅದೇ ಸ್ವೀಕೃತಿ ಪತ್ರ ಎಂದು ಬಹಳ ಮಂದಿ ಅಂದುಕೊಳ್ಳುತ್ತಾರೆ, ಆದರೆ ಎರಡೂ ಬೇರೆ. ಆಹ್ವಾನ ಪತ್ರ ವೀಸಾ ಕಚೇರಿಗೆಂದು ಕೊಡುವಂಥದ್ದು. ಅನೇಕ ಸಮ್ಮೇಳನಗಳಲ್ಲಿ ನೋಂದಣಿ ಮಾಡಿಸಿಕೊಂಡ ಯಾರಿಗೆ ಬೇಕಾದರೂ, ಪ್ರಬಂಧ ಇಲ್ಲದವರಿಗೂ, ಅದು ಸಿಗುತ್ತದೆ. ನಿಮ್ಮ ಪ್ರಬಂಧ ಆಯ್ಕೆಯಾಗಿದೆ ಎಂಬುದಕ್ಕೆ ಸಾಕ್ಷಿ ಕಾರ್ಯಕ್ರಮ ಸಮಿತಿಯಿಂದ ಬಂದ ಇಮೇಲ್. ಅದರಲ್ಲಿ ಪ್ರಬಂಧದ ಸಂಖ್ಯೆ, ಪೂರ್ತಿ ಶೀರ್ಷಿಕೆ, ಲೇಖಕರ ಹೆಸರು, ಪೂರ್ಣ ಪ್ರಬಂಧವೋ ಪೋಸ್ಟರೋ ಎಂಬುದು ಇರುತ್ತದೆ. ಅದನ್ನು ಮುದ್ರಿಸುವಾಗ ಕಳಿಸಿದವರ ವಿಳಾಸ ಮತ್ತು ದಿನಾಂಕದ ಸಾಲು ಕತ್ತರಿಸಿ ಹೋಗದಂತೆ ನೋಡಿಕೊಳ್ಳಿ. ಅದರ ಹಿಂದೆ ವಿಮರ್ಶಕರ ಅಭಿಪ್ರಾಯದ ಪುಟಗಳನ್ನೂ ಸೇರಿಸಿ. "ಮೂರನೇ ವಿಭಾಗದ ಪ್ರಯೋಗ ಸಾಲದು, ಇನ್ನೊಂದು ದತ್ತಾಂಶದ ಮೇಲೂ ನಡೆಸಿ" ಎಂಬಂಥ ಟೀಕೆ ಇದ್ದರೆ ಮುಜುಗರಪಟ್ಟು ತೆಗೆಯಬೇಡಿ. ಯಾರೋ ಕೂತು ಓದಿ ಆಯ್ಕೆ ಮಾಡಿದ್ದಾರೆ ಎಂಬುದನ್ನು ಹೊಗಳಿಕೆಗಿಂತ ಆ ಟೀಕೆಯೇ ಚೆನ್ನಾಗಿ ತೋರಿಸುತ್ತದೆ.

ದುಡ್ಡು ವಸೂಲಿಗೆಂದೇ ನಡೆಯುವ ಸಮ್ಮೇಳನಗಳ ಹಾವಳಿಯಿಂದ ಕಚೇರಿಗಳು ಈಗ ಈ ವಿಷಯದಲ್ಲಿ ಬಿಗಿಯಾಗಿವೆ. ಪ್ರಬಂಧ ಕಳಿಸಿದ ಮೂರು ನಾಲ್ಕು ದಿನಕ್ಕೇ ಒಪ್ಪಿಗೆ, ವಿಮರ್ಶೆಯ ಒಂದು ಸಾಲೂ ಇಲ್ಲ, ಒಂದೇ ಹೋಟೆಲಿನ ಒಂದೇ ದಿನದಲ್ಲಿ ವೈದ್ಯಕೀಯ, ನಿರ್ವಹಣೆ, ಎಂಜಿನಿಯರಿಂಗ್ ಎಲ್ಲಕ್ಕೂ ಗೋಷ್ಠಿ: ಇಂಥ ಲಕ್ಷಣ ಕಂಡರೆ ಕಡತ ಅಲ್ಲೇ ನಿಲ್ಲುತ್ತದೆ, ನಿಲ್ಲಬೇಕಾದ್ದೂ ಹೌದು. ನಿಮ್ಮದು ಅಂಥದ್ದಲ್ಲ ಎಂದು ವಾದ ಮಾಡುವುದು ಬೇಡ. ವಿಮರ್ಶೆಯ ಪುಟಗಳ ಜೊತೆಗೆ, ಹಿಂದಿನ ವರ್ಷಗಳ ಪ್ರಬಂಧಗಳು ಎಲ್ಲಿ ಪ್ರಕಟವಾಗಿವೆ ಎಂಬ ಒಂದು ಸಾಲು ಬರೆದರೆ ಸಾಕು.

ಹತ್ತು ದಿನ ಎಲ್ಲಿಂದ ಬಂತು?

ಮೂರು ದಿನದ ಸಮ್ಮೇಳನಕ್ಕೆ ಹತ್ತು ದಿನ ಕೇಳಿದ್ದೀರಿ. ಓದಿದವರ ಕಣ್ಣು ಮೊದಲು ಹೋಗಿರುವುದು ಅಲ್ಲಿಗೇ. ಹೀಗೆ ಬಿಡಿಸಿ ಬರೆಯಿರಿ: ಭಾನುವಾರ ರಾತ್ರಿ ಹೊರಟು ಸೋಮವಾರ ತಲುಪುವುದು, ಮಂಗಳ, ಬುಧ, ಗುರು ಸಮ್ಮೇಳನ, ಶುಕ್ರವಾರ ಹೊರಟು ಶನಿವಾರ ಮನೆ ಸೇರುವುದು. ಸೋಮವಾರದಿಂದ ಶನಿವಾರದವರೆಗೆ ಆರು ದಿನ ಕೆಲಸಕ್ಕೆ ಸಂಬಂಧಿಸಿದ್ದು. ಅದನ್ನು ಅನ್ಯ ಕಾರ್ಯ ನಿಮಿತ್ತ, ಅಂದರೆ ನಾವೆಲ್ಲ ಓಓಡಿ ಎನ್ನುವ ಲೆಕ್ಕದಲ್ಲಿ ಕೇಳಿ. ಮುಂದಿನ ಬುಧವಾರದವರೆಗೆ ಉಳಿದು ಊರು ನೋಡುವ ಆಸೆ ಇದ್ದರೆ ಅದರಲ್ಲಿ ತಪ್ಪೇನಿಲ್ಲ, ಆದರೆ ಆ ದಿನಗಳು ಬೇರೆ ಸಾಲಿನಲ್ಲಿ ನಿಮ್ಮ ಗಳಿಕೆ ರಜೆಯಾಗಿ ಬರಲಿ. ಎರಡನ್ನೂ ಒಂದೇ ಸಂಖ್ಯೆಯಲ್ಲಿ ಬೆರೆಸಿದರೆ ನಾಲ್ಕು ದಿನದ ತಿರುಗಾಟಕ್ಕಾಗಿ ಆರು ದಿನದ ಕೆಲಸವೂ ಅನುಮಾನಕ್ಕೆ ಗುರಿಯಾಗುತ್ತದೆ.

ಹಾಗೆ ಉಳಿಯುವುದಾದರೆ ಇನ್ನೊಂದು ಕೆಲಸ ಇದೆ. ಟಿಕೆಟ್ ಕಾಯ್ದಿರಿಸುವ ದಿನವೇ, ಶುಕ್ರವಾರ ವಾಪಸಾಗುವ ಟಿಕೆಟ್‌ಗೆ ಎಷ್ಟು ದರ ಇದೆ ಎಂಬುದರ ಪರದೆಯ ಚಿತ್ರವೊಂದನ್ನು ದಿನಾಂಕ ಕಾಣುವಂತೆ ತೆಗೆದಿಟ್ಟುಕೊಳ್ಳಿ. ನಿಮ್ಮ ಟಿಕೆಟ್ ಅದಕ್ಕಿಂತ ದುಬಾರಿಯಾಗಿದ್ದರೆ ಹೆಚ್ಚಿನ ಮೊತ್ತ ನಿಮ್ಮದು. ತಿಂಗಳಾದ ಮೇಲೆ ಲೆಕ್ಕಪತ್ರ ವಿಭಾಗ ಕೇಳಿದಾಗ ಆ ಹಳೆಯ ದರ ಎಲ್ಲಿಯೂ ಸಿಗುವುದಿಲ್ಲ.

ದುಡ್ಡಿನ ಸಾಲುಗಳು

"ಆಯೋಜಕರು ಅನುದಾನ ಕೊಡುತ್ತಾರೆ, ಉಳಿದದ್ದನ್ನು ಸಂಸ್ಥೆ ಭರಿಸಬೇಕೆಂದು ಕೋರಿಕೆ" ಎಂದು ಬರೆಯುವುದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಉಳಿದದ್ದು ಎಂದರೆ ಎಷ್ಟು? ಅನುದಾನ ಯಾವುದಕ್ಕೆ? ಯಾವಾಗ ಕೈಗೆ ಬರುತ್ತದೆ? ಒಂದು ಅಂದಾಜು ಲೆಕ್ಕ ಹಾಕಿ ತೋರಿಸುತ್ತೇನೆ, ನಿಮ್ಮ ಅಂಕಿಗಳನ್ನು ಇದರ ಜಾಗದಲ್ಲಿ ಇಟ್ಟುಕೊಳ್ಳಿ.

ನೋಂದಣಿ 500 ಯೂರೋ, ವಿಮಾನ 900, ನಾಲ್ಕು ರಾತ್ರಿಯ ವಾಸ್ತವ್ಯ 480, ಊಟ ಮತ್ತು ಸ್ಥಳೀಯ ಓಡಾಟಕ್ಕೆ 250, ವೀಸಾ ಮತ್ತು ವಿಮೆ 130 ಎಂದಿಟ್ಟುಕೊಳ್ಳೋಣ. ಒಟ್ಟು 2,260. ಸಾಮಾನ್ಯವಾಗಿ ಜನ ಏನು ಮಾಡುತ್ತಾರೆಂದರೆ, 800 ಕಳೆದು, ಉಳಿದ 1,460ರಲ್ಲಿ ಇಷ್ಟು ಸಂಸ್ಥೆ, ಇಷ್ಟು ನಾನು ಎಂದು ಮೊತ್ತ ಹಂಚುತ್ತಾರೆ. ಕಾಗದದ ಮೇಲೆ ಲೆಕ್ಕ ಸರಿಹೋಗುತ್ತದೆ, ಬಿಲ್ಲು ಕೊಡುವಾಗ ಸಿಕ್ಕಿಬೀಳುತ್ತದೆ. ಏಕೆಂದರೆ ಆಗ ಒಂದೇ ವಿಮಾನದ ಟಿಕೆಟ್ಟನ್ನೋ ಒಂದೇ ಹೋಟೆಲ್ ರಸೀದಿಯನ್ನೋ ಇಬ್ಬರಿಗೂ ತೋರಿಸಬೇಕಾಗುತ್ತದೆ. ಇಬ್ಬರೂ ಮೂಲ ರಸೀದಿ ಕೇಳಿದರೆ ನೀವು ಮಧ್ಯೆ ನಿಲ್ಲುತ್ತೀರಿ. ಒಂದೇ ಖರ್ಚಿಗೆ ಎರಡು ಕಡೆ ಹಣ ಪಡೆದರು ಎಂಬ ಆಕ್ಷೇಪಣೆ ಲೆಕ್ಕ ತಪಾಸಣೆಯಲ್ಲಿ ಬಂದರೆ, ನೀವು ಪ್ರಾಮಾಣಿಕರಾಗಿದ್ದರೂ ಅದನ್ನು ತೊಳೆದುಕೊಳ್ಳಲು ತಿಂಗಳುಗಳು ಬೇಕು.

ಅದಕ್ಕೆ ನನ್ನ ಸಲಹೆ, ಮೊತ್ತವನ್ನು ಹಂಚಬೇಡಿ, ಬಾಬತ್ತುಗಳನ್ನು ಹಂಚಿ. ಆಯೋಜಕರ 800 ವಿಮಾನಕ್ಕೆ. ವಿಮಾನದ ಉಳಿದ 100, ಊಟ ಓಡಾಟ, ವೀಸಾ, ವಿಮೆ ನಿಮ್ಮದು, ಅಂದರೆ 480. ಸಂಸ್ಥೆಗೆ ನೋಂದಣಿ ಮತ್ತು ವಾಸ್ತವ್ಯ ಮಾತ್ರ, 980. ಈಗ ಟಿಕೆಟ್ ಆಯೋಜಕರಿಗೆ, ನೋಂದಣಿ ಮತ್ತು ಹೋಟೆಲ್ ರಸೀದಿ ಸಂಸ್ಥೆಗೆ. ಯಾವ ಕಾಗದವೂ ಎರಡು ಕಡೆ ಓಡುವುದಿಲ್ಲ.

ಅನುದಾನದ ಪತ್ರವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಇಂಥ ಅನುದಾನಗಳಲ್ಲಿ ಬಹುಪಾಲು ಸಮ್ಮೇಳನ ಮುಗಿದು, ನೀವು ಪ್ರಬಂಧ ಮಂಡಿಸಿ, ಬಿಲ್ಲು ಕಳಿಸಿದ ಮೇಲೆ ಬ್ಯಾಂಕಿಗೆ ಬರುವಂಥವು. ನಿಮ್ಮದೂ ಹಾಗಿದ್ದರೆ ಹೊರಡುವಾಗ ಆ 800 ನಿಮ್ಮ ಕೈಯಲ್ಲಿ ಇರುವುದಿಲ್ಲ. ಸಂಸ್ಥೆ ತನ್ನ ಪಾಲನ್ನು ಮುಂಗಡವಾಗಿ ಕೊಟ್ಟರೂ ನೀವು 1,280 ಯೂರೋ ಹೊಂದಿಸಿಕೊಳ್ಳಬೇಕು, ಕೊಡದಿದ್ದರೆ ಪೂರ್ತಿ 2,260. ವಿಮಾನ ಹತ್ತುವ ವಾರದಲ್ಲಿ ಇದು ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗುವುದು ಒಳ್ಳೆಯದು. ಮುಂಗಡ ಬೇಕಿದ್ದರೆ ಅರ್ಜಿಯಲ್ಲೇ "ಮುಂಗಡವಾಗಿ" ಎಂಬ ಪದ ಬರಬೇಕು. ಬರೆಯದಿದ್ದರೆ ನಂತರ ಮರುಪಾವತಿ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ.

ನಿಮ್ಮ ಮೇಜಿನ ಕೆಲಸ

"ನನ್ನ ಅನುಪಸ್ಥಿತಿಯಲ್ಲಿ ಸಹೋದ್ಯೋಗಿಗಳು ನೋಡಿಕೊಳ್ಳುತ್ತಾರೆ." ಈ ವಾಕ್ಯವನ್ನು ನಾನು ಎಷ್ಟು ಅರ್ಜಿಗಳಲ್ಲಿ ಓದಿದ್ದೇನೋ. ಯಾವ ಸಹೋದ್ಯೋಗಿ, ಯಾವ ದಿನ, ಯಾವ ತರಗತಿ ಎಂಬುದು ಇಲ್ಲದಿದ್ದರೆ ಅದು ಬರೀ ಆಸೆ. ಎಚ್‌ಒಡಿಗಳು ಹಿಂದೇಟು ಹಾಕುವುದು ಹೆಚ್ಚಾಗಿ ಇಲ್ಲೇ, ಏಕೆಂದರೆ ಬುಧವಾರ ಹನ್ನೊಂದು ಗಂಟೆಗೆ ವಿದ್ಯಾರ್ಥಿಗಳು ಖಾಲಿ ಕೊಠಡಿಯಿಂದ ಎದ್ದು ಬಂದು ಬಾಗಿಲು ತಟ್ಟುವುದು ಅವರದ್ದೇ.

ವೇಳಾಪಟ್ಟಿ ಮುಂದಿಟ್ಟುಕೊಂಡು ಆ ಆರು ದಿನದ ಒಂದೊಂದು ಗಂಟೆಯನ್ನೂ ನೋಡಿ. ಪಾಠದ ತರಗತಿಗಳನ್ನು ಸಾಮಾನ್ಯವಾಗಿ ಅದಲುಬದಲು ಮಾಡಬಹುದು: ಹಿಂದಿನ ವಾರ ನೀವು ಸಹೋದ್ಯೋಗಿಯ ಎರಡು ತರಗತಿಯ ಹೊತ್ತಿನಲ್ಲಿ ನಿಮ್ಮ ಪಾಠ ಮಾಡಿ, ಆ ವಾರ ಅವರು ನಿಮ್ಮ ಹೊತ್ತಿನಲ್ಲಿ ತಮ್ಮ ವಿಷಯ ಮಾಡಲಿ, ಇನ್ನೂ ಬಾಕಿ ಉಳಿದರೆ ವಾಪಸ್ ಬಂದ ಮೇಲೆ ನೀವು ಅವರ ಹೊತ್ತಿನಲ್ಲಿ ನಿಮ್ಮ ಪಾಠ ಮುಗಿಸಿ. ಹೀಗೆ ಮಾಡಿದರೆ ಯಾರೂ ಗೊತ್ತಿಲ್ಲದ ವಿಷಯ ಪಾಠ ಮಾಡಬೇಕಾಗಿಲ್ಲ. ಲ್ಯಾಬ್ ಹಾಗಲ್ಲ. ಅಲ್ಲಿ ಆ ಹೊತ್ತಿಗೆ, ಆ ಪ್ರಯೋಗ ಬಲ್ಲ ಒಬ್ಬರು ನಿಲ್ಲಲೇಬೇಕು. ಆದ್ದರಿಂದ ಯಾವ ಪ್ರಯೋಗ, ಕೈಪಿಡಿ ಎಲ್ಲಿದೆ ಎಂಬ ಅರ್ಧ ಪುಟದ ಟಿಪ್ಪಣಿ ಬರೆದು ಅವರಿಗೆ ಕೊಟ್ಟಿರಿ.

ಬೇರೆಯವರಿಗೆ ಸುಮ್ಮನೆ ದಾಟಿಸಲು ಆಗದ ಕೆಲಸಗಳೂ ಇವೆ, ಅವೇ ಕಡತವನ್ನು ಕೆಡಿಸುವುದು. ಆ ವಾರ ಇಂಟರ್ನಲ್ಸ್ ಇದೆಯೇ, ಪ್ರಶ್ನೆಪತ್ರಿಕೆ ನಿಮ್ಮ ಬಳಿ ಇದೆಯೇ, ಅಂಕ ಏರಿಸುವ ಕೊನೆಯ ದಿನ ಬರುತ್ತದೆಯೇ, ಯಾವುದಾದರೂ ಬಿಲ್ಲಿಗೆ ನಿಮ್ಮದೇ ಸಹಿ ಬೇಕೇ? ಪ್ರಶ್ನೆಪತ್ರಿಕೆಯನ್ನು ಹೊರಡುವ ಮೊದಲೇ ಪರೀಕ್ಷಾ ವಿಭಾಗಕ್ಕೆ ಒಪ್ಪಿಸಿ ಸ್ವೀಕೃತಿ ತೆಗೆದುಕೊಳ್ಳಿ. ಸಹಿಯ ಅಧಿಕಾರವನ್ನು ಎಚ್‌ಒಡಿ ಲಿಖಿತವಾಗಿ ಇನ್ನೊಬ್ಬರಿಗೆ ವಹಿಸಬೇಕು. ಹಾಜರಾತಿ ಅಥವಾ ಅಂಕದ ತಂತ್ರಾಂಶದ ಪಾಸ್‌ವರ್ಡ್ ಸ್ನೇಹಿತರಿಗೆ ಹೇಳಿ ಹೋಗುವ ಅಭ್ಯಾಸ ಎಲ್ಲೆಡೆ ಇದೆ. ಖಂಡಿತ ಬೇಡ. ನೀವು ಪರದೇಶದಲ್ಲಿರುವ ದಿನ ನಿಮ್ಮ ಹೆಸರಿನಲ್ಲಿ ಅಂಕ ಬದಲಾಗಿದ್ದು ದಾಖಲೆಯಲ್ಲಿ ಕಂಡರೆ ಅದಕ್ಕೆ ಉತ್ತರ ಹೇಳಬೇಕಾದವರು ನೀವು.

ಈ ಎಲ್ಲವೂ ಒಂದು ಪುಟದ ಪಟ್ಟಿಯಾಗಲಿ: ದಿನ, ಸಮಯ, ಕೆಲಸ, ಬದಲಿ ವ್ಯಕ್ತಿ, ಅವರ ಸಹಿ. ಬರೀ ಹೆಸರು ಬರೆದರೆ ಸಾಲದು, ಸಹಿ ಇರಬೇಕು. "ನನ್ನನ್ನು ಯಾರೂ ಕೇಳಲೇ ಇಲ್ಲ" ಎಂಬ ಒಂದೇ ಮಾತಿಗೆ ಮಂಜೂರಾದ ರಜೆಯೂ ತಡೆಹಿಡಿದದ್ದನ್ನು ನೋಡಿದ್ದೇನೆ.

ವೀಸಾ ಮೊದಲೋ, ರಜೆ ಮೊದಲೋ

ನಿಮ್ಮನ್ನು ಹೆಚ್ಚು ಕಾಡುತ್ತಿರುವ ಗಂಟು ಇದು. ಬಿಚ್ಚಲು ದಾರಿ ಇದೆ: ಷರತ್ತಿನ ಮಂಜೂರಾತಿ. "ವೀಸಾ ದೊರೆಯುವ ಷರತ್ತಿಗೆ ಒಳಪಟ್ಟು" ರಜೆ ಮಂಜೂರು ಮಾಡಬೇಕೆಂದು ನೀವೇ ಕೇಳಿ. ವೀಸಾ ಸಿಗದಿದ್ದರೆ ಆದೇಶ ತಾನಾಗಿ ರದ್ದಾಗುತ್ತದೆ, ಸಂಸ್ಥೆಗೆ ನಷ್ಟವಿಲ್ಲ. ಆ ಆದೇಶದ ಪ್ರತಿ ಮತ್ತು ನಿರಾಕ್ಷೇಪಣಾ ಪತ್ರ ಹಿಡಿದು ನೀವು ವೀಸಾಕ್ಕೆ ಹೋಗುತ್ತೀರಿ. ಕಚೇರಿ ಇದನ್ನು ತಾನಾಗಿ ಸೂಚಿಸುವುದು ಅಪರೂಪ, ಕೇಳಿದರೆ ಒಪ್ಪದಿರುವುದೂ ಅಪರೂಪ.

ರಜೆಯನ್ನೂ ಹಣವನ್ನೂ ಒಂದೇ ಅರ್ಜಿಯಲ್ಲಿ, ಆದರೆ ಎರಡು ಬೇರೆ ಕೋರಿಕೆಗಳಾಗಿ ಇಡಿ. ಹಣದ ಕೋರಿಕೆ ಲೆಕ್ಕಪತ್ರ ವಿಭಾಗ, ಹಣಕಾಸು ಸಮಿತಿ ಎಂದು ಮೇಜಿನಿಂದ ಮೇಜಿಗೆ ಹೋಗುತ್ತದೆ. ರಜೆಯೂ ಅದಕ್ಕೇ ಅಂಟಿಕೊಂಡಿದ್ದರೆ ಅದೂ ಅಲ್ಲೇ ಕೂರುತ್ತದೆ. ಬೇರೆ ಮಾಡಿದರೆ ರಜೆಯ ಆದೇಶ ಮೊದಲು ಹೊರಬರುತ್ತದೆ.

ಆ ದೇಶ ಷೆಂಗೆನ್ ವ್ಯಾಪ್ತಿಯಲ್ಲಿದ್ದರೆ ದಿನಗಳ ಲೆಕ್ಕ ಹೀಗಿದೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲಾದರೂ ಹಾಕಿರಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನದವರೆಗೂ ಹೋಗಬಹುದು. 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೋ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದು, ಅಲ್ಲಿರುವ ಅಷ್ಟೂ ದಿನಕ್ಕೆ ಅನ್ವಯಿಸುವಂತಿರಬೇಕು. ಕಾಗದ ಸಲ್ಲಿಸುವ ದಿನವೇ ಬೇಗ ಸಿಗದಿರಬಹುದಾದ್ದರಿಂದ 45 ದಿನದ ಲೆಕ್ಕ ಹಿಡಿದೇ ಹಿಂದಕ್ಕೆ ಎಣಿಸಿ. ಸೆಪ್ಟೆಂಬರ್ ಪ್ರಯಾಣಕ್ಕೆ ಜುಲೈ ಮೊದಲ ವಾರದೊಳಗೆ ರಜೆ ಆದೇಶ ನಿಮ್ಮ ಕೈಯಲ್ಲಿರಬೇಕು. ಅರ್ಜಿಯಲ್ಲೂ ಈ ದಿನಾಂಕ ಬರೆಯಿರಿ. "ಶೀಘ್ರವಾಗಿ" ಎಂಬುದಕ್ಕಿಂತ ಒಂದು ದಿನಾಂಕಕ್ಕೆ ಕಚೇರಿಯಲ್ಲಿ ಬೆಲೆ ಹೆಚ್ಚು.

ಮೂರು ವಾರದ ನೋಂದಣಿ

ಆಯ್ಕೆಯಾದ ಪ್ರಬಂಧಕ್ಕೆ ಕನಿಷ್ಠ ಒಬ್ಬ ಲೇಖಕರಾದರೂ ನಿಗದಿತ ದಿನದೊಳಗೆ ಶುಲ್ಕ ಕಟ್ಟದಿದ್ದರೆ ಅದನ್ನು ಪಟ್ಟಿಯಿಂದ ತೆಗೆಯುವುದು ಬಹಳ ಸಮ್ಮೇಳನಗಳ ನಿಯಮ. ಆದ್ದರಿಂದ ಈ ಗಡುವನ್ನು ಹಗುರವಾಗಿ ನೋಡುವಂತಿಲ್ಲ. ಆದರೆ ಮಂಜೂರಾತಿಗೆ ಮೊದಲು ಮಾಡಿದ ಖರ್ಚನ್ನು ಕೊಡುವುದಿಲ್ಲ ಎಂಬ ನಿಯಮ ಹಲವು ಸಂಸ್ಥೆಗಳಲ್ಲಿದೆ. ನಿಮ್ಮಲ್ಲೂ ಇದೆಯೇ ಎಂದು ಲೆಕ್ಕಪತ್ರ ವಿಭಾಗದಲ್ಲಿ ಇವತ್ತೇ ವಿಚಾರಿಸಿ. ಇದ್ದರೆ, ನೋಂದಣಿಯ 500ಕ್ಕೆ ಮಾತ್ರ ಮೊದಲು ಒಪ್ಪಿಗೆ ಕೊಡಿ ಎಂದು ಪ್ರಾಂಶುಪಾಲರನ್ನು ಕೇಳಬಹುದು. ಜೊತೆಗೆ ಆಯೋಜಕರಿಗೆ ಬರೆದು, ಸಂಸ್ಥೆಯ ಹೆಸರಿಗೆ ಬೇಡಿಕೆ ಬಿಲ್ಲು ಕೊಟ್ಟು ಒಂದು ವಾರ ಕಾಯುತ್ತೀರಾ ಎಂದು ಕೇಳಿ. ಎರಡೂ ಆಗದಿದ್ದರೆ ನಿಮ್ಮ ಹಣ ಕಟ್ಟಬೇಕಾಗುತ್ತದೆ. ಅದು ವಾಪಸ್ ಬರದೇ ಹೋಗಬಹುದು ಎಂದು ತಿಳಿದೇ ಕಟ್ಟಿ. ಕಟ್ಟುವ ಮೊದಲು ರದ್ದತಿಯ ನಿಯಮದಲ್ಲಿ ಎರಡು ವಿಷಯ ನೋಡಿ: ಯಾವ ದಿನದವರೆಗೆ ಎಷ್ಟು ಮರಳಿಸುತ್ತಾರೆ, ವೀಸಾ ಸಿಗದಿದ್ದರೆ ನೋಂದಣಿಯನ್ನು ಸಹಲೇಖಕರ ಹೆಸರಿಗೆ ಬದಲಿಸಲು ಬಿಡುತ್ತಾರೆಯೇ.

ಸ್ವಂತ ರಜೆ ಹಾಕಿ ಹೋದರೆ?

ಹೋಗಬಹುದು, ಹೋದವರೂ ಇದ್ದಾರೆ. ಸಂಸ್ಥೆಯ ಹಣ ಬೇಡ ಎಂದಾದರೆ ಅನುಮತಿಯೂ ಬೇಡ ಎಂಬ ನಂಬಿಕೆ ಮಾತ್ರ ಸರಿಯಲ್ಲ. ಸ್ವಂತ ರಜೆಯಲ್ಲಿದ್ದರೂ ದೇಶ ಬಿಡಲು ಮೊದಲೇ ಅನುಮತಿ ಪಡೆಯಬೇಕೆಂಬ ನಿಯಮ ಕೆಲವು ಸಂಸ್ಥೆಗಳ ಸೇವಾ ನಿಯಮದಲ್ಲಿದೆ. ನಿಮ್ಮದರಲ್ಲಿ ಆ ಸಾಲು ಇದೆಯೇ ನೋಡಿ. ಇನ್ನೊಂದು ತೊಡಕು ವೀಸಾದಲ್ಲಿ. ಅರ್ಜಿಯಲ್ಲಿ ಪ್ರಯಾಣದ ಉದ್ದೇಶ ಸಮ್ಮೇಳನ ಎಂದಿರುತ್ತದೆ, ಸಂಸ್ಥೆಯ ಪತ್ರದಲ್ಲಿ "ವೈಯಕ್ತಿಕ ಕಾರಣಕ್ಕೆ ರಜೆ" ಎಂದಿರುತ್ತದೆ. ಈ ಎರಡು ಕಾಗದ ಒಂದರ ಮುಖ ಒಂದು ನೋಡುವುದಿಲ್ಲ, ಅದನ್ನು ಗುರುತಿಸುವುದೇ ಅಲ್ಲಿ ಕೂತವರ ಕೆಲಸ. ಹೋಗಿಬಂದ ಮೇಲೆ ಅದನ್ನು ಓಓಡಿ ಮಾಡಿಕೊಡಿ, ಖರ್ಚು ಕೊಡಿ ಎಂದು ಕೇಳಿದರೆ ಸಾಮಾನ್ಯವಾಗಿ ಆಗುವುದಿಲ್ಲ. ಓಓಡಿಯನ್ನು ಸ್ಪಷ್ಟವಾಗಿ ನಿರಾಕರಿಸಿದರೆ ಮಾತ್ರ ಈ ದಾರಿ. ಆಗಲೂ ರಜೆ ಅರ್ಜಿಯಲ್ಲಿ ಸಮ್ಮೇಳನದ ಹೆಸರು ಬರೆದು, ಹೊರದೇಶಕ್ಕೆ ಹೋಗುತ್ತಿದ್ದೇನೆಂದು ತಿಳಿಸಿ, ಲಿಖಿತ ಅನುಮತಿ ಪಡೆದೇ ಹೋಗಿ.

ಆನ್‌ಲೈನ್‌ನಲ್ಲಿ ಮಂಡಿಸಲು ಬಿಡುತ್ತಾರೆಯೇ ಎಂಬುದನ್ನೂ ಆಯೋಜಕರಲ್ಲಿ ವಿಚಾರಿಸಿಡಿ. ಅರ್ಜಿಯಲ್ಲಿ ಅದನ್ನು ನೀವಾಗಿ ಎತ್ತಬೇಕಿಲ್ಲ, ಮೇಲಧಿಕಾರಿ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ. ಯಾರೂ ಮಂಡಿಸದ ಪ್ರಬಂಧವನ್ನು ನಂತರ ಸಂಗ್ರಹದಿಂದ ಕೈಬಿಡುವ ಹಕ್ಕನ್ನು ಐಇಇಇಯಂಥ ಸಂಸ್ಥೆಗಳು ಕಾಯ್ದಿರಿಸಿಕೊಂಡಿವೆ. ಆದ್ದರಿಂದ ನೀವು ಹೋಗಲಾಗದಿದ್ದರೆ ಯಾರು ಮಂಡಿಸುತ್ತಾರೆ ಎಂಬುದೂ ಮೊದಲೇ ತೀರ್ಮಾನವಾಗಿರಲಿ.

ಹೊಸ ಅರ್ಜಿ ಹೀಗಿದ್ದರೆ ಸಾಕು, ಇದಕ್ಕಿಂತ ಉದ್ದ ಬೇಡ:

> ಮಾನ್ಯರೇ,
>
> ಮೇಲ್ಕಂಡ ಸಮ್ಮೇಳನಕ್ಕೆ ನನ್ನ ಪೂರ್ಣ ಪ್ರಬಂಧ ವಿಮರ್ಶೆಯ ನಂತರ ಆಯ್ಕೆಯಾಗಿದೆ (ಸ್ವೀಕೃತಿ ಇಮೇಲ್ ಮತ್ತು ವಿಮರ್ಶೆ: ಲಗತ್ತು 1). ಮಂಡನೆ ನನ್ನದೇ.
>
> ಕೋರಿಕೆ 1: ಪ್ರಯಾಣದ ದಿನಗಳೂ ಸೇರಿ ಸೋಮವಾರದಿಂದ ಶನಿವಾರದವರೆಗೆ 6 ದಿನ ಅನ್ಯ ಕಾರ್ಯ ನಿಮಿತ್ತ ಅನುಮತಿ ಮತ್ತು ನಿರಾಕ್ಷೇಪಣಾ ಪತ್ರ, ವೀಸಾ ದೊರೆಯುವ ಷರತ್ತಿಗೆ ಒಳಪಟ್ಟು. ವೀಸಾ ಅರ್ಜಿಗಾಗಿ ಜುಲೈ ಮೊದಲ ವಾರದೊಳಗೆ ಆದೇಶ ಬೇಕಾಗಿದೆ.
>
> ಕೋರಿಕೆ 2: ನೋಂದಣಿ ಮತ್ತು ವಾಸ್ತವ್ಯಕ್ಕೆ 980 ಯೂರೋ, ಮುಂಗಡವಾಗಿ. ವಿಮಾನದ ಖರ್ಚಿಗೆ ಆಯೋಜಕರ ಅನುದಾನವಿದೆ (ಲಗತ್ತು 2). ಉಳಿದ ಖರ್ಚು ನನ್ನದು. ಯಾವುದೇ ಬಾಬತ್ತಿಗೆ ಎರಡು ಕಡೆ ಹಣ ಕೋರುವುದಿಲ್ಲ.
>
> ಆ ದಿನಗಳ ತರಗತಿ, ಲ್ಯಾಬ್ ಮತ್ತು ಪರೀಕ್ಷಾ ಕೆಲಸದ ಬದಲಿ ವ್ಯವಸ್ಥೆ, ಸಂಬಂಧಪಟ್ಟವರ ಸಹಿಯೊಂದಿಗೆ: ಲಗತ್ತು 3.

ಗಳಿಕೆ ರಜೆಯೂ ಬೇಕಿದ್ದರೆ ಅದು ಕೋರಿಕೆ 3, ಒಂದೇ ಸಾಲು. ಆಗ ಲಗತ್ತು 3ರಲ್ಲಿ ಆ ದಿನಗಳ ತರಗತಿಯೂ ಸೇರಬೇಕು, ವಿಮೆಯೂ ಅಲ್ಲಿಯವರೆಗೆ ಇರಬೇಕು. ಇದನ್ನು ನೇರವಾಗಿ ಮೇಲಕ್ಕೆ ಕಳಿಸದೆ ಎಚ್‌ಒಡಿಯ ಶಿಫಾರಸು ಬರೆಸಿ, ಹಿಂದಿನ ಅರ್ಜಿಯ ಷರಾ ಇರುವ ಪುಟವನ್ನೂ ಜೊತೆಗಿಟ್ಟು ಸಲ್ಲಿಸಿ. ಕೇಳಿದ ವಿವರ ಈಗ ಬಂದಿದೆ ಎಂದು ಗುಮಾಸ್ತರು ಟಿಪ್ಪಣಿ ಬರೆಯುವುದಕ್ಕೆ ಆ ಪುಟ ಬೇಕಾಗುತ್ತದೆ.